ಮನೆಯ ಸಾಮಾನಿನ ಪಟ್ಟಿ: ನಷ್ಟವಾಗುವ ಮೊದಲೇ ಬರೆದಿಡಬೇಕಾದ ಲೆಕ್ಕ

ನಮ್ಮ ಕರಾವಳಿಯಲ್ಲಿ ಮನೆ ವಿಮೆ ಈಗ ಅಪರೂಪವೇನಲ್ಲ. ಮನೆ ಕಟ್ಟಲು ಬ್ಯಾಂಕಿನಿಂದ ಸಾಲ ಪಡೆದವರಲ್ಲಿ ಹೆಚ್ಚಿನವರ ಬಳಿ ಯಾವುದಾದರೂ ಒಂದು ಪಾಲಿಸಿ ಇರುತ್ತದೆ. 2019ರ ಆಗಸ್ಟ್‌ನಲ್ಲಿ ನೇತ್ರಾವತಿ ಉಕ್ಕಿ ಹರಿದಾಗ, 2021ರ ಮೇ ತಿಂಗಳಲ್ಲಿ ತೌಕ್ತೆ ಚಂಡಮಾರುತ ಬಂದಾಗ ಮನೆ ವಿಮೆಯ ಮಾತು ಎಲ್ಲೆಡೆ ಕೇಳಿಬಂತು. ಆದರೆ ಪಾಲಿಸಿ ಇದ್ದವರಿಗೂ ಒಂದು ಪ್ರಶ್ನೆಗೆ ಉತ್ತರ ಹೇಳುವುದು ಸುಲಭವಲ್ಲ: "ನಿಮ್ಮ ಮನೆಯೊಳಗೆ ಏನೇನಿತ್ತು? ಯಾವಾಗ ಕೊಂಡದ್ದು? ಬೆಲೆ ಎಷ್ಟು?" ನೀರು ಇಳಿದು ಅಂಗಳದಲ್ಲಿ ಕೆಸರು ತುಂಬಿರುವಾಗ ಈ ಉತ್ತರಗಳನ್ನು ನೆನಪಿನಿಂದ ಹೇಳುವುದು ಕಷ್ಟ. ಮನೆಯ ಸಾಮಾನಿನ ಪಟ್ಟಿಯನ್ನು ಮೊದಲೇ ಮಾಡಿಟ್ಟುಕೊಳ್ಳುವುದು ಹೇಗೆ, ಅದರಲ್ಲಿ ಏನನ್ನು ಬರೆಯಬೇಕು, ಅದರಿಂದ ಯಾವ ಉಪಯೋಗ ಎಂಬುದನ್ನು ಇಲ್ಲಿ ನಾವು ವಿವರಿಸುತ್ತೇವೆ.

ಮೊದಲು ಪಾಲಿಸಿಯನ್ನು ಓದಿ

ಪಟ್ಟಿ ಮಾಡಲು ಕುಳಿತುಕೊಳ್ಳುವ ಮೊದಲು ನಿಮ್ಮ ಪಾಲಿಸಿಯ ಪ್ರತಿಯನ್ನು ಕೈಗೆ ತೆಗೆದುಕೊಳ್ಳಿ. ಸಾಲದ ಜೊತೆಯಲ್ಲಿ ಬಂದ ಪಾಲಿಸಿಯಾದರೆ ಅದು ಬ್ಯಾಂಕಿನ ಕಡತದಲ್ಲಿಯೇ ಉಳಿದಿರಬಹುದು. ಶಾಖೆಗೆ ಹೋಗಿ ಒಂದು ಪ್ರತಿ ಕೇಳಿ ಪಡೆಯಿರಿ. ಅದರಲ್ಲಿ ನೋಡಬೇಕಾದದ್ದು ಒಂದೇ: ವಿಮೆ ಕಟ್ಟಡಕ್ಕೆ ಮಾತ್ರವೋ, ಒಳಗಿನ ಸಾಮಾನಿಗೂ ಉಂಟೋ? ಉಂಟಾದರೆ ಎಷ್ಟು ರೂಪಾಯಿಗೆ?

ನಮ್ಮ ದೇಶದಲ್ಲಿ 2021ರ ಏಪ್ರಿಲ್ 1ರಿಂದ ವಾಸದ ಮನೆಗಳಿಗೆ "ಭಾರತ್ ಗೃಹ ರಕ್ಷಾ" ಎಂಬ ಒಂದೇ ಮಾದರಿಯ ಪಾಲಿಸಿ ಜಾರಿಗೆ ಬಂದಿದೆ. ಇದನ್ನು ರೂಪಿಸಿದ್ದು ಭಾರತೀಯ ವಿಮಾ ನಿಯಂತ್ರಣ ಮತ್ತು ಅಭಿವೃದ್ಧಿ ಪ್ರಾಧಿಕಾರ. ಯಾವ ಕಂಪೆನಿಯಿಂದ ಕೊಂಡರೂ ಇದರ ಮೂಲ ಷರತ್ತುಗಳು ಒಂದೇ. ಈ ಪಾಲಿಸಿಯಲ್ಲಿ ಕಟ್ಟಡಕ್ಕೆ ವಿಮೆ ಮಾಡಿಸಿದವರಿಗೆ, ಬೇಡವೆಂದು ಹೇಳದಿದ್ದರೆ, ಮನೆಯ ಸಾಮಾನ್ಯ ಸಾಮಾನಿಗೂ ತಾನಾಗಿಯೇ ರಕ್ಷಣೆ ಸಿಗುತ್ತದೆ. ಅದರ ಪ್ರಮಾಣ ಕಟ್ಟಡದ ವಿಮಾ ಮೊತ್ತದ 20 ಶೇಕಡಾ, ಗರಿಷ್ಠ ಮಿತಿ 10 ಲಕ್ಷ ರೂಪಾಯಿ. ಇಷ್ಟಕ್ಕೆ ಯಾವ ವಿವರವನ್ನೂ ಕೊಡಬೇಕಾಗಿಲ್ಲ. ಅದಕ್ಕಿಂತ ಹೆಚ್ಚು ಬೇಕಾದರೆ ಮಾತ್ರ ಸಾಮಾನಿನ ವಿವರ ಕೊಟ್ಟು ಮೊತ್ತವನ್ನು ಏರಿಸಿಕೊಳ್ಳಬೇಕು. ಬಾಡಿಗೆ ಮನೆಯಲ್ಲಿರುವವರು ಕಟ್ಟಡವನ್ನು ಬಿಟ್ಟು ತಮ್ಮ ಸಾಮಾನಿಗೆ ಮಾತ್ರ ವಿಮೆ ಮಾಡಿಸಬಹುದು.

ಇಲ್ಲಿಯೇ ಪಟ್ಟಿಯ ಮೊದಲ ಉಪಯೋಗ ಕಾಣುತ್ತದೆ. ವಿವರ ಕೊಡಬೇಕಾಗಿಲ್ಲ ಎಂದ ಮಾತ್ರಕ್ಕೆ ತಾನಾಗಿ ಸಿಕ್ಕಿದ ಮೊತ್ತ ನಮ್ಮ ಮನೆಗೆ ಸಾಕೆಂದು ಅರ್ಥವಲ್ಲ. ಸಾಕೋ ಸಾಲದೋ ಎಂಬುದು ಕೂಡಿಸಿ ನೋಡಿದ ಮೇಲೆಯೇ ತಿಳಿಯುತ್ತದೆ.

ಒಂದು ಮನೆಯ ಲೆಕ್ಕ

ಬಂಟ್ವಾಳದ ಕಡೆ ನದಿಗೆ ಹತ್ತಿರವಿರುವ ಒಂದು ಹಂಚಿನ ಮನೆಯನ್ನು ಉದಾಹರಣೆಗೆ ತೆಗೆದುಕೊಳ್ಳೋಣ. ಗಂಡ, ಹೆಂಡತಿ, ವಯಸ್ಸಾದ ತಾಯಿ ಮನೆಯಲ್ಲಿದ್ದಾರೆ. ಮಗ ದುಬೈಯಲ್ಲಿದ್ದಾನೆ. ಮನೆ 1,000 ಚದರ ಅಡಿ. ಮತ್ತೆ ಕಟ್ಟಲು ಚದರ ಅಡಿಗೆ 2,000 ರೂಪಾಯಿಯಂತೆ ಹಿಡಿದು ಕಟ್ಟಡಕ್ಕೆ 20 ಲಕ್ಷದ ವಿಮೆ ಮಾಡಿಸಿದ್ದಾರೆ. ಹಾಗಾದರೆ ಸಾಮಾನಿಗೆ ತಾನಾಗಿ ಸಿಗುವ ರಕ್ಷಣೆ 4 ಲಕ್ಷ. "ನಮ್ಮಲ್ಲಿ ಅಷ್ಟೆಲ್ಲಾ ಏನಿದೆ?" ಎಂದು ಮನೆಯವರು ಕೇಳುವುದು ಸಹಜ. ಕೋಣೆಯಿಂದ ಕೋಣೆಗೆ ಹೋಗಿ ನೋಡೋಣ.

ಚಾವಡಿಯಲ್ಲಿ ಸೋಫಾ ಸೆಟ್ 45,000, ಟಿವಿ 32,000, ಸಾಗುವಾನಿಯ ಶೋಕೇಸ್ 30,000, ಎರಡು ಫ್ಯಾನ್ 6,000, ಬ್ಯಾಟರಿ ಸಮೇತ ಇನ್ವರ್ಟರ್ 25,000. ಒಟ್ಟು 1,38,000.

ಮೂರು ಮಲಗುವ ಕೋಣೆಗಳಲ್ಲಿ ಮಂಚ ಮತ್ತು ಹಾಸಿಗೆಗಳು 90,000, ಎರಡು ಕಬ್ಬಿಣದ ಕಪಾಟು 36,000, ಒಂದು ಎಸಿ 40,000, ಮೂರು ಫ್ಯಾನ್ 9,000, ಹೊಲಿಗೆ ಯಂತ್ರ 15,000. ಒಟ್ಟು 1,90,000.

ಅಡುಗೆ ಮನೆ ಮತ್ತು ಊಟದ ಕೋಣೆಯಲ್ಲಿ ಫ್ರಿಜ್ 30,000, ವಾಷಿಂಗ್ ಮೆಷಿನ್ 25,000, ಗ್ರೈಂಡರ್ 8,000, ಮಿಕ್ಸಿ 5,000, ಗ್ಯಾಸ್ ಒಲೆ 6,000, ಪಾತ್ರೆಗಳು 40,000, ಊಟದ ಮೇಜು ಮತ್ತು ಕುರ್ಚಿಗಳು 28,000. ಒಟ್ಟು 1,42,000.

ಉಳಿದದ್ದು: ಎಲ್ಲರ ಬಟ್ಟೆಬರೆ, ಹೊದಿಕೆಗಳು 1,00,000, ಲ್ಯಾಪ್‌ಟಾಪ್ ಮತ್ತು ಪ್ರಿಂಟರ್ 60,000, ಬಾವಿಯ ಪಂಪು 20,000. ಒಟ್ಟು 1,80,000.

ಎಲ್ಲವನ್ನೂ ಕೂಡಿಸಿದರೆ 6,50,000 ರೂಪಾಯಿ. ಇದರಲ್ಲಿ ಆಡಂಬರದ ವಸ್ತು ಒಂದೂ ಇಲ್ಲ. ಮಧ್ಯಮ ವರ್ಗದ ಯಾವುದೇ ಮನೆಯಲ್ಲಿರುವ ಸಾಮಾನು ಇಷ್ಟೇ. ಆದರೂ ತಾನಾಗಿ ಸಿಕ್ಕಿದ 4 ಲಕ್ಷಕ್ಕೂ ಇದಕ್ಕೂ 2,50,000 ರೂಪಾಯಿ ಅಂತರವಿದೆ. ಚಾವಡಿಗೆ ಮಾತ್ರ ಮೂರಡಿ ನೀರು ನುಗ್ಗಿದರೆ ಈ ಅಂತರ ಗಮನಕ್ಕೆ ಬಾರದು. ಆದರೆ ಹಂಚಿನ ಮಾಡಿನ ಮರದ ಪಕ್ಕಾಸುಗಳಿಗೆ ಬೆಂಕಿ ತಗಲಿ ಮನೆಯೇ ಉರಿದರೆ ಆ ಎರಡೂವರೆ ಲಕ್ಷವನ್ನು ಮನೆಯವರೇ ಹೊರಬೇಕಾಗುತ್ತದೆ. ಈ ಪಟ್ಟಿಯನ್ನೇ ಕಂಪೆನಿಗೆ ಕೊಟ್ಟು ಸಾಮಾನಿನ ವಿಮಾ ಮೊತ್ತವನ್ನು ಆರೂವರೆ ಲಕ್ಷಕ್ಕೆ ಏರಿಸಿಕೊಳ್ಳಬಹುದು. ಪಾಲಿಸಿ ನವೀಕರಣದ ಸಮಯ ಇದಕ್ಕೆ ಅನುಕೂಲ.

ಯಾವ ಬೆಲೆ ಬರೆಯಬೇಕು?

ಮೇಲಿನ ಲೆಕ್ಕದಲ್ಲಿ ಫ್ರಿಜ್‌ಗೆ 30,000 ಎಂದು ಬರೆದಿದ್ದೇವೆ. ಆ ಮನೆಯವರು ಅದನ್ನು 2018ರಲ್ಲಿ 21,500ಕ್ಕೆ ಕೊಂಡಿದ್ದರು ಎಂದಿಟ್ಟುಕೊಳ್ಳಿ. ಹಾಗಾದರೆ 30,000 ಎಲ್ಲಿಂದ ಬಂತು? ಅದೇ ಅಳತೆಯ, ಅದೇ ಬಗೆಯ ಫ್ರಿಜ್ಜನ್ನು ಇಂದು ಅಂಗಡಿಯಲ್ಲಿ ಕೊಂಡರೆ ಕೊಡಬೇಕಾದ ಬೆಲೆ ಅದು. ಭಾರತ್ ಗೃಹ ರಕ್ಷಾ ಪಾಲಿಸಿಯಲ್ಲಿ ಸಾಮಾನಿನ ಮೊತ್ತವನ್ನು ಹೀಗೆ ಮತ್ತೆ ಕೊಳ್ಳುವ ಬೆಲೆಯ ಮೇಲೆ ಹಿಡಿಯಲಾಗುತ್ತದೆ. ಆದ್ದರಿಂದ ಪಟ್ಟಿಯಲ್ಲಿ ಎರಡು ಬೆಲೆಗಳಿಗೂ ಜಾಗ ಇಡಿ: ಒಂದು ಕೊಂಡ ಬೆಲೆ, ಇನ್ನೊಂದು ಈಗಿನ ಬೆಲೆ.

ಈಗಿನ ಬೆಲೆಯೇ ಮುಖ್ಯವಾದರೆ ಕೊಂಡ ದಿನಾಂಕ ಏಕೆ ಎಂದು ನೀವು ಕೇಳಬಹುದು. ಅದಕ್ಕೆ ಎರಡು ಕಾರಣಗಳಿವೆ. ಮೊದಲನೆಯದಾಗಿ, ವಸ್ತು ನಿಮ್ಮದೇ ಎಂದು ತೋರಿಸಲು ದಿನಾಂಕ ಮತ್ತು ಅಂಗಡಿಯ ಹೆಸರು ಸಹಾಯಕ. ಎರಡನೆಯದಾಗಿ, ಎಲ್ಲಾ ಪಾಲಿಸಿಗಳೂ ಒಂದೇ ರೀತಿ ಲೆಕ್ಕ ಹಾಕುವುದಿಲ್ಲ. ಕಳ್ಳತನಕ್ಕೆಂದು ಪ್ರತ್ಯೇಕವಾಗಿ ಮಾಡಿಸುವ ಪಾಲಿಸಿಗಳಲ್ಲಿ ವಸ್ತುವಿನ ವಯಸ್ಸಿಗೆ ತಕ್ಕಂತೆ ಸವಕಳಿ ಕಳೆದು ಪರಿಹಾರ ಕೊಡುವ ಕ್ರಮವಿದೆ. ಅಂಥಲ್ಲಿ ಮೂರು ವರ್ಷದ ಟಿವಿಯನ್ನು ಎಂಟು ವರ್ಷದ್ದೆಂದು ಅಂದಾಜು ಮಾಡಿದರೆ ನಷ್ಟ ನಿಮಗೇ.

ಬೆಲೆಯನ್ನು ಕಡಿಮೆ ಬರೆದರೆ ಏನಾಗುತ್ತದೆ ಎಂಬುದನ್ನೂ ತಿಳಿದಿರಬೇಕು. ಭಾರತ್ ಗೃಹ ರಕ್ಷಾದಲ್ಲಿ ಮೊತ್ತ ಕಡಿಮೆಯಾಯಿತೆಂದು ಪರಿಹಾರವನ್ನು ಅದೇ ಪ್ರಮಾಣದಲ್ಲಿ ಕಡಿತ ಮಾಡುವುದಿಲ್ಲ, ವಿಮಾ ಮೊತ್ತದ ಮಿತಿಯೊಳಗೆ ಆದ ನಷ್ಟವನ್ನು ಕೊಡುತ್ತಾರೆ. ಬೇರೆ ಪಾಲಿಸಿಗಳಲ್ಲಿ ಈ ಕಡಿತ ಇರಬಹುದು. 6 ಲಕ್ಷದ ಸಾಮಾನಿಗೆ 3 ಲಕ್ಷದ ವಿಮೆ ಮಾಡಿಸಿ, 1 ಲಕ್ಷದ ನಷ್ಟವಾದರೆ ಅಂಥ ಪಾಲಿಸಿಯಲ್ಲಿ ಕೈಗೆ ಬರುವುದು 50,000 ಮಾತ್ರ. ಅರ್ಧಕ್ಕೆ ವಿಮೆ ಮಾಡಿಸಿದ್ದೀರಿ, ಆದ್ದರಿಂದ ಅರ್ಧ ನಷ್ಟ ನಿಮ್ಮದು ಎಂಬುದು ಅದರ ಲೆಕ್ಕಾಚಾರ.

ಪಟ್ಟಿ ಮಾಡುವ ಕ್ರಮ

ಒಂದು ಉದ್ದದ ನೋಟ್‌ಪುಸ್ತಕ ಮತ್ತು ಕ್ಯಾಮೆರಾ ಇರುವ ಮೊಬೈಲ್ ಸಾಕು. ಮನೆಯಲ್ಲಿ ಇಬ್ಬರು ಸೇರಿದರೆ ಕೆಲಸ ಬೇಗ ಮುಗಿಯುತ್ತದೆ. ಒಬ್ಬರು ಫೋಟೋ ತೆಗೆಯಲಿ, ಇನ್ನೊಬ್ಬರು ಬರೆಯಲಿ. ಪ್ರತಿ ಕೋಣೆಯಲ್ಲಿಯೂ ಮೊದಲು ಬಾಗಿಲಿನಲ್ಲಿ ನಿಂತು, ಅನಂತರ ಎದುರಿನ ಮೂಲೆಯಿಂದ ಇಡೀ ಕೋಣೆಯ ಫೋಟೋ ತೆಗೆಯಿರಿ. ವಸ್ತು ಅದೇ ಮನೆಯಲ್ಲಿತ್ತು ಎಂಬುದಕ್ಕೆ ಈ ಎರಡು ಫೋಟೋಗಳೇ ಸಾಕ್ಷಿ. ಬಳಿಕ ಕಪಾಟು, ಡ್ರಾಯರ್‌ಗಳನ್ನು ತೆರೆದು ಒಳಗಿನದ್ದು ಕಾಣುವಂತೆ ಒಂದೊಂದು ಫೋಟೋ ತೆಗೆಯಿರಿ. ಬಟ್ಟೆ, ಪಾತ್ರೆಗಳನ್ನು ಒಂದೊಂದಾಗಿ ಬರೆಯುವ ಅಗತ್ಯವಿಲ್ಲ. "ಸ್ಟೀಲ್ ಪಾತ್ರೆಗಳು, ಎರಡು ಕಪಾಟು ತುಂಬ" ಎಂದು ಒಟ್ಟಾಗಿ ಬರೆದು ಅಂದಾಜು ಬೆಲೆ ಹಾಕಿದರೆ ಸಾಕು.

ವಿದ್ಯುತ್ ಉಪಕರಣಗಳಿಗೆ ಇನ್ನೊಂದು ಫೋಟೋ ಬೇಕು. ಪ್ರತಿಯೊಂದಕ್ಕೂ ಮಾಡೆಲ್ ಮತ್ತು ಸೀರಿಯಲ್ ನಂಬರ್ ಇರುವ ಚೀಟಿ ಅಂಟಿಸಿರುತ್ತದೆ. ಫ್ರಿಜ್‌ನಲ್ಲಿ ಸಾಮಾನ್ಯವಾಗಿ ಒಳಗಿನ ಪಕ್ಕದ ಗೋಡೆಯಲ್ಲಿ ಅಥವಾ ಹಿಂಭಾಗದಲ್ಲಿ, ಟಿವಿಯಲ್ಲಿ ಹಿಂಭಾಗದಲ್ಲಿ, ಮಿಕ್ಸಿಯಲ್ಲಿ ಅಡಿಭಾಗದಲ್ಲಿ ಅದನ್ನು ಕಾಣಬಹುದು. ಅಕ್ಷರಗಳು ಓದಲು ಬರುವಷ್ಟು ಹತ್ತಿರದಿಂದ ಫೋಟೋ ತೆಗೆಯಿರಿ. ಎಷ್ಟು ಲೀಟರಿನ ಫ್ರಿಜ್, ಎಷ್ಟು ಇಂಚಿನ ಟಿವಿ ಎಂಬ ವಾದಕ್ಕೆ ಮುಂದೆ ಅವಕಾಶವೇ ಉಳಿಯುವುದಿಲ್ಲ.

ಪುಸ್ತಕದಲ್ಲಿ ಒಂದು ಸಾಲು ಹೀಗಿರಲಿ: "ಫ್ರಿಜ್, ಎರಡು ಬಾಗಿಲು, 260 ಲೀಟರ್. ಅಡುಗೆ ಮನೆ. ಫೋಟೋ 14, ಸೀರಿಯಲ್ ನಂಬರ್ ಫೋಟೋ 15. ಕೊಂಡದ್ದು ಮೇ 2018. ಕೊಂಡ ಬೆಲೆ 21,500. ಬಿಲ್ ಇದೆ. ಈಗಿನ ಬೆಲೆ 30,000."

ಬಿಲ್ಲುಗಳ ಬಗ್ಗೆ ಒಂದು ಎಚ್ಚರಿಕೆ. ಈಗಿನ ಅಂಗಡಿಗಳಲ್ಲಿ ಯಂತ್ರದಿಂದ ಬರುವ ನುಣುಪು ಕಾಗದದ ಬಿಲ್ಲಿನ ಅಕ್ಷರಗಳು ಶಾಖಕ್ಕೆ ಮಾಸಿಹೋಗುತ್ತವೆ. ನಮ್ಮ ಸೆಕೆಯ ಊರಿನಲ್ಲಿ ಒಂದೆರಡು ವರ್ಷಗಳಲ್ಲೇ ಅದು ಬಿಳಿ ಕಾಗದವಾಗಿಬಿಡಬಹುದು. ತಂದ ದಿನವೇ ಅದರ ಫೋಟೋ ತೆಗೆದಿಡಿ. ಬಿಲ್ ಕಳೆದುಹೋಗಿದ್ದರೆ ವಾರಂಟಿ ಕಾರ್ಡು, ಬ್ಯಾಂಕ್ ಪಾಸ್‌ಬುಕ್ಕಿನ ನಮೂದು, ಆನ್‌ಲೈನ್ ಖರೀದಿಯ ದಾಖಲೆ ಇವುಗಳೂ ಸಹಾಯವಾಗುತ್ತವೆ. ದೊಡ್ಡ ಅಂಗಡಿಗಳಲ್ಲಿ ನಿಮ್ಮ ಮೊಬೈಲ್ ನಂಬರ್ ಹೇಳಿದರೆ ಹಳೆಯ ಬಿಲ್ಲಿನ ಪ್ರತಿ ಸಿಗುವುದುಂಟು. ಏನೂ ಸಿಗದಿದ್ದರೆ ನೆನಪನ್ನು ಪ್ರಾಮಾಣಿಕವಾಗಿ ಬರೆಯಿರಿ: "ಮದುವೆಯ ಉಡುಗೊರೆ, 2006", "ಮಗ ರಜೆಯಲ್ಲಿ ಬಂದಾಗ ತಂದದ್ದು, 2017, ಅಂದಾಜು". ಅಂದಾಜನ್ನು ಅಂದಾಜು ಎಂದೇ ಬರೆದರೆ ಉಳಿದ ಸಾಲುಗಳ ಮೇಲೆ ನಂಬಿಕೆ ಉಳಿಯುತ್ತದೆ.

ಚಿನ್ನ, ಹಣ, ಕಾಗದಪತ್ರ

ನಮ್ಮ ಮನೆಗಳಲ್ಲಿ ಬೆಲೆಬಾಳುವುದು ಚಿನ್ನ. ಆದರೆ ಸಾಮಾನ್ಯ ಸಾಮಾನಿನ ರಕ್ಷಣೆಯಲ್ಲಿ ಆಭರಣಗಳು ಸೇರುವುದಿಲ್ಲ. ಆಭರಣ, ಬೆಳ್ಳಿ ಸಾಮಾನು, ಪುರಾತನ ವಸ್ತುಗಳಿಗೆ ಭಾರತ್ ಗೃಹ ರಕ್ಷಾದಲ್ಲಿ ಪ್ರತ್ಯೇಕ ಐಚ್ಛಿಕ ರಕ್ಷಣೆ ಇದೆ. ಅದನ್ನು ಕೇಳಿ ಪಡೆಯಬೇಕು, ಹೆಚ್ಚಿನ ಪ್ರೀಮಿಯಂ ಕಟ್ಟಬೇಕು. ಇವುಗಳ ಒಟ್ಟು ಮೊತ್ತ 5 ಲಕ್ಷದೊಳಗೆ ಇದ್ದು, ಯಾವುದೇ ಒಂದು ವಸ್ತುವಿನ ಬೆಲೆ 1 ಲಕ್ಷವನ್ನು ಮೀರದಿದ್ದರೆ ಬೆಲೆ ಕಟ್ಟಿಸಿದ ಪ್ರಮಾಣಪತ್ರ ಬೇಡ. ಮೀರಿದರೆ ಬೇಕು. ಚಿನ್ನದ ದರ ಏರಿರುವ ಈ ಕಾಲದಲ್ಲಿ ಎರಡು ಪವನಿನ ಒಂದು ಸರವೇ 1 ಲಕ್ಷ ದಾಟುತ್ತದೆ ಎಂಬುದು ನೆನಪಿರಲಿ. ಹಳೆಯ ಮನೆಗಳಲ್ಲಿ ಅಜ್ಜನ ಕಾಲದ ಮರದ ಪ್ರತಿಮೆ, ಕೆತ್ತನೆಯ ಪೀಠ ಇದ್ದರೆ ಅವನ್ನು ಪೀಠೋಪಕರಣದ ಸಾಲಿಗೆ ಹಾಕಿ ಬಿಡಬೇಡಿ. ಪುರಾತನ ವಸ್ತು ಎಂದು ಬೇರೆಯಾಗಿ ಬರೆದು ಕಂಪೆನಿಯವರನ್ನು ಕೇಳಿ.

ಆಭರಣದ ಪಟ್ಟಿಯನ್ನು ಬೇರೆ ಹಾಳೆಯಲ್ಲಿ ಮಾಡಿ. ಪ್ರತಿಯೊಂದರ ತೂಕ ಗ್ರಾಮಿನಲ್ಲಿ ಮತ್ತು ಒಂದು ಫೋಟೋ ಇರಲಿ. ಈ ಫೋಟೋಗಳನ್ನು ಯಾವ ವಾಟ್ಸ್‌ಆ್ಯಪ್ ಗುಂಪಿಗೂ ಹಾಕಬೇಡಿ. ನಗದು ಹಣ, ಚೆಕ್ಕು, ಆಸ್ತಿಯ ಕಾಗದಪತ್ರಗಳಿಗೆ ಈ ಪಾಲಿಸಿಯಲ್ಲಿ ಪರಿಹಾರವಿಲ್ಲ. ಪಟ್ಟಿಯಲ್ಲಿ ಬರೆದರೂ ಸಿಗುವುದಿಲ್ಲ. ವಾಹನಕ್ಕೆ ಅದರದ್ದೇ ವಿಮೆ ಬೇಕು.

ಪಟ್ಟಿ ಇದ್ದರೂ ಸಿಗದಿರುವುದು

ಪಟ್ಟಿ ಎಷ್ಟು ಚೆನ್ನಾಗಿದ್ದರೂ ಪಾಲಿಸಿಯಲ್ಲಿ ಹೇಳದ ಕಾರಣದಿಂದ ಆದ ನಷ್ಟಕ್ಕೆ ಹಣ ಬರುವುದಿಲ್ಲ. ಬೆಂಕಿ, ಸಿಡಿಲು, ಬಿರುಗಾಳಿ, ನೆರೆ, ಭೂಕುಸಿತ, ಮರ ಬಿದ್ದು ಆದ ಹಾನಿ ಇವು ಸೇರಿವೆ. ಆದರೆ ಕರಾವಳಿಯವರು ಮೂರು ವಿಷಯಗಳನ್ನು ಮುಖ್ಯವಾಗಿ ತಿಳಿದಿರಬೇಕು.

ಒಂದು, ಕಡಲ್ಕೊರೆತ ಮತ್ತು ನದಿಯ ಕೊರೆತದಿಂದ ನೆಲ ಕುಸಿದು ಆಗುವ ನಷ್ಟವನ್ನು ಈ ಪಾಲಿಸಿ ಹೊರಗಿಟ್ಟಿದೆ. ಎರಡು, ವಿದ್ಯುತ್ ಉಪಕರಣದಲ್ಲಿ ಶಾರ್ಟ್ ಸರ್ಕ್ಯೂಟ್ ಆಗಿ ಅಥವಾ ಹೆಚ್ಚಿನ ವಿದ್ಯುತ್ ಹರಿದು ಅದೇ ಉಪಕರಣ ಸುಟ್ಟರೆ ಅದಕ್ಕೆ ಪರಿಹಾರವಿಲ್ಲ, ಸಿಡಿಲಿನ ದಿನ ತಂತಿಯ ಮೂಲಕ ಹಾಗಾದರೂ ಅಷ್ಟೇ. ಅದರಿಂದ ಬೆಂಕಿ ಹರಡಿ ಬೇರೆ ವಸ್ತುಗಳು ಸುಟ್ಟರೆ ಆ ಬೇರೆ ವಸ್ತುಗಳಿಗೆ ಪರಿಹಾರ ಉಂಟು. ಮೂರು, ಕಳ್ಳತನ. ನೆರೆ, ಬೆಂಕಿಯಂಥ ಘಟನೆ ನಡೆದು, ಅದರಿಂದಾಗಿ ಏಳು ದಿನಗಳೊಳಗೆ ಮನೆಯಿಂದ ಸಾಮಾನು ಕಳುವಾದರೆ ಮಾತ್ರ ಈ ಪಾಲಿಸಿ ಹೊಣೆ ಹೊರುತ್ತದೆ. ಬೀಗ ಹಾಕಿ ಮಗಳ ಮನೆಗೆ ಹೋದಾಗ ಕಳ್ಳ ನುಗ್ಗಿದರೆ ಅದಕ್ಕೆ ಪ್ರತ್ಯೇಕ ಕಳ್ಳತನದ ವಿಮೆ ಬೇಕು. ಗೆದ್ದಲು ತಿಂದ ಕಪಾಟು, ಮಳೆಗಾಲದ ತೇವಕ್ಕೆ ಬೂಸು ಹಿಡಿದ ಬಟ್ಟೆ ಇವು ಯಾವ ಲೆಕ್ಕಕ್ಕೂ ಬರುವುದಿಲ್ಲ.

ಪಟ್ಟಿಯನ್ನು ಎಲ್ಲಿ ಇಡಬೇಕು?

ಕಪಾಟಿನಲ್ಲಿಟ್ಟ ಪಟ್ಟಿ ಕಪಾಟಿನ ಜೊತೆಗೇ ಸುಟ್ಟುಹೋಗುತ್ತದೆ, ಮೊಬೈಲಿನಲ್ಲಿ ಮಾತ್ರ ಇರುವ ಫೋಟೋ ಮೊಬೈಲಿನ ಜೊತೆಗೇ ನೀರಿಗೆ ಹೋಗುತ್ತದೆ. ಆದ್ದರಿಂದ ಒಂದು ಪ್ರತಿ ಮನೆಯ ಹೊರಗೆ ಇರಲೇಬೇಕು. ನಾವು ಹೇಳಿದ ಮನೆಯಲ್ಲಿ ಅದು ಸುಲಭ. ಪುಟಗಳ ಫೋಟೋ ಸಹಿತ ಎಲ್ಲವನ್ನೂ ದುಬೈಯಲ್ಲಿರುವ ಮಗನಿಗೆ ಇಮೇಲ್ ಮಾಡಬಹುದು. ವಾಟ್ಸ್‌ಆ್ಯಪ್‌ನಲ್ಲಿ ಕಳುಹಿಸುವುದಾದರೆ ಸಾಮಾನ್ಯ ಫೋಟೋವಾಗಿ ಬೇಡ, ಅದರ ಗಾತ್ರ ಕುಗ್ಗಿ ಸೀರಿಯಲ್ ನಂಬರ್ ಮಸುಕಾಗಬಹುದು, ಫೋಟೋ ತೆಗೆದ ದಿನಾಂಕದ ಮಾಹಿತಿಯೂ ಉಳಿಯುವುದಿಲ್ಲ. "ಡಾಕ್ಯುಮೆಂಟ್" ಎಂದು ಆರಿಸಿ ಕಳುಹಿಸಿದರೆ ಇದ್ದದ್ದು ಇದ್ದ ಹಾಗೆ ತಲಪುತ್ತದೆ. ಹೊರಗೆ ಮಕ್ಕಳಿಲ್ಲದವರು ಜೆರಾಕ್ಸ್ ಪ್ರತಿಯನ್ನು ಬೇರೆ ಊರಿನ ಸಂಬಂಧಿಕರ ಮನೆಯಲ್ಲಿ ಇಡಬಹುದು.

ಒಂಟಿಯಾಗಿರುವ ಹಿರಿಯರಿಗೆ ಈ ಕೆಲಸ ತಾವಾಗಿ ಮಾಡಲು ಕಷ್ಟ. ವಾಳೆಯ ಗುರಿಕಾರರು, ಯುವಜನರು ಮನೆಗೆ ಹೋಗಿ ಫೋಟೋ ತೆಗೆದುಕೊಡಬಹುದು. ಆದರೆ ತೆಗೆಯುವುದು ಮನೆಯವರ ಮೊಬೈಲಿನಲ್ಲಿ ಅಥವಾ ಅವರು ಹೇಳಿದವರ ಮೊಬೈಲಿನಲ್ಲಿ ಇರಲಿ, ಚಿನ್ನದ ಹಾಳೆಯನ್ನು ಮನೆಯವರೇ ಬರೆಯಲಿ. ಇದರಿಂದ ಎರಡೂ ಕಡೆಯವರಿಗೆ ಮನಸ್ಸಿಗೆ ನೆಮ್ಮದಿ.

ನಷ್ಟವಾದ ದಿನ

ಈಗ ಅದೇ ಮನೆಗೆ ಮೂರಡಿ ನೀರು ಬಂದು ಇಳಿದಿದೆ ಎಂದುಕೊಳ್ಳಿ. ಮೊದಲ ಕೆಲಸ ಕಂಪೆನಿಗೆ ತಿಳಿಸುವುದು. ಕ್ಲೇಮು ಫಾರ್ಮನ್ನು ನಷ್ಟ ಗಮನಕ್ಕೆ ಬಂದ ದಿನದಿಂದ 30 ದಿನಗಳೊಳಗೆ ಕೊಡಬೇಕು. ಗೋಡೆಯ ಮೇಲೆ ನೀರು ನಿಂತ ಗುರುತಿನ ಫೋಟೋ ತೆಗೆಯಿರಿ. ಒದ್ದೆಯಾದ ಯಾವ ಉಪಕರಣಕ್ಕೂ ಸ್ವಿಚ್ ಹಾಕಿ ನೋಡಬೇಡಿ. ಜೀವಕ್ಕೆ ಅಪಾಯ, ಜೊತೆಗೆ ಆಗ ಶಾರ್ಟ್ ಆದರೆ ಹಾನಿ ನೆರೆಯಿಂದಲೋ ವಿದ್ಯುತ್ತಿನಿಂದಲೋ ಎಂಬ ತಕರಾರು ಹುಟ್ಟುತ್ತದೆ. ಸರ್ವೇಯರ್ ಬಂದು ನೋಡುವ ತನಕ ಹಾಳಾದ ಸಾಮಾನನ್ನು ಎಸೆಯಬೇಡಿ. ದುರ್ವಾಸನೆಯಿಂದ ಹಾಸಿಗೆಯನ್ನು ಇಟ್ಟುಕೊಳ್ಳಲಾಗದಿದ್ದರೆ ಕಂಪೆನಿಗೆ ಹೇಳಿ, ಫೋಟೋ ತೆಗೆದು, ಒಂದು ತುಂಡನ್ನು ಉಳಿಸಿ ಹೊರಗೆ ಹಾಕಿ.

ಅನಂತರ ಹಳೆಯ ಪಟ್ಟಿಯನ್ನು ಹಿಡಿದು ಸಾಲು ಸಾಲಾಗಿ ಗುರುತು ಹಾಕುತ್ತಾ ಹೋಗಿ. ಫ್ರಿಜ್ 30,000, ವಾಷಿಂಗ್ ಮೆಷಿನ್ 25,000, ಇನ್ವರ್ಟರ್ 25,000, ಸೋಫಾ 45,000. ಮಂಚಗಳು ಉಳಿದಿವೆ, ಹಾಸಿಗೆಗಳು ಮಾತ್ರ ಹೋಗಿವೆ, ಅವಕ್ಕೆ 36,000. ಕಬ್ಬಿಣದ ಕಪಾಟುಗಳ ಅಡಿಭಾಗದ ದುರಸ್ತಿಗೆ 6,000. ಟಿವಿ ಗೋಡೆಯ ಮೇಲಿತ್ತು, ಏನೂ ಆಗಿಲ್ಲ. ಪಾತ್ರೆಗಳನ್ನು ತೊಳೆದರೆ ಸರಿಯಾಗುತ್ತವೆ, ಅವನ್ನು ಕೇಳುವಂತಿಲ್ಲ. ಒಟ್ಟು 1,67,000. ಸರ್ವೇಯರ್ ಬಂದಾಗ ಪ್ರತಿ ಸಾಲಿಗೂ ಮೊದಲಿನ ಫೋಟೋ, ಈಗಿನ ಫೋಟೋ ಎರಡನ್ನೂ ತೋರಿಸಬಹುದು. ಉಳಿದದ್ದನ್ನು ಉಳಿದಿದೆ ಎಂದೇ ಬರೆದ ಪಟ್ಟಿಯನ್ನು ಅವರು ಸಂಶಯದಿಂದ ನೋಡಲು ಕಾರಣವಿರುವುದಿಲ್ಲ.

ಪಟ್ಟಿಯನ್ನು ವರ್ಷಕ್ಕೊಮ್ಮೆ ತಿದ್ದಬೇಕು. ನಮ್ಮಲ್ಲಿ ಮೇ ತಿಂಗಳ ಕೊನೆ ಅದಕ್ಕೆ ಸರಿಯಾದ ಸಮಯ. ಮಳೆಗಾಲಕ್ಕೆ ಮುಂಚೆ ಮಾಡು, ತೋಡು ಸರಿಪಡಿಸುವ ಆ ದಿನಗಳಲ್ಲಿಯೇ ಹೊಸದಾಗಿ ಬಂದ ಸಾಮಾನನ್ನು ಸೇರಿಸಿ, ಕೊಟ್ಟುಬಿಟ್ಟದ್ದನ್ನು ಹೊಡೆದುಹಾಕಿ, ಒಟ್ಟು ಮೊತ್ತವನ್ನು ಪಾಲಿಸಿಯ ಮೊತ್ತದೊಡನೆ ಮತ್ತೊಮ್ಮೆ ಹೋಲಿಸಿ ನೋಡಿ. ಹೊರಗಿನ ಪ್ರತಿಯನ್ನೂ ಅದೇ ದಿನ ಬದಲಿಸಿ.